ಹಳದಿ ಡಾಲರ್ ದಂಡವಲ್ಲ
ವಳಕಮದಿನ್ನಿ ಕಡೆಯ ಯುವಕರೊಬ್ಬರು ಜಾತ್ರೆಯ ವಿಡಿಯೊವನ್ನು ಯೂಟ್ಯೂಬಿಗೆ ಹಾಕಿದರೆನ್ನಿ. ಮುಖಚಿತ್ರದಲ್ಲಿ ಬಲಿಕುರಿಯ ರಕ್ತ ಕಾಣುತ್ತಿದೆ, ಡಾಲರ್ ಗುರುತು ಹಳದಿಯಾಗಿದೆ. ಇದು ಶಿಕ್ಷೆಯಲ್ಲ. ವಿಡಿಯೊ ಎಂದಿನಂತೆ ಉಳಿಯುತ್ತದೆ, ಇದರಿಂದಲೇ ಚಾನೆಲ್ಲಿಗೆ ಸ್ಟ್ರೈಕ್ ಬೀಳುವುದಿಲ್ಲ. ಅಂಥ ದೃಶ್ಯದ ಜೊತೆ ತಮ್ಮ ಹೆಸರು ಬೇಡವೆನ್ನುವ ಜಾಹೀರಾತುದಾರರು ದೂರ ಉಳಿಯುತ್ತಾರೆ, ಅಷ್ಟೆ. ಆದಾಯ ಕುಗ್ಗುವುದು ಅದರಿಂದ.

‘ಯಂತ್ರಕ್ಕೆ ನಮ್ಮ ಆಚರಣೆ ಏನು ಗೊತ್ತು?’ ಎಂಬ ಆಕ್ಷೇಪ ನ್ಯಾಯವೇ. ಮೊದಲ ತೀರ್ಮಾನ ಸಾಮಾನ್ಯವಾಗಿ ಯಂತ್ರದ್ದು. ಅದಕ್ಕೇ ಸ್ಟುಡಿಯೊದಲ್ಲಿ ಮರುಪರಿಶೀಲನೆ ಕೋರಬಹುದು. ಆಗ ಮನುಷ್ಯರೊಬ್ಬರು ವಿಡಿಯೊ, ಶೀರ್ಷಿಕೆ, ಮುಖಚಿತ್ರ, ವಿವರಣೆ ಎಲ್ಲವನ್ನೂ ನೋಡುತ್ತಾರೆ. ಸಾಮಾನ್ಯವಾಗಿ 7 ದಿನದೊಳಗೆ ಉತ್ತರ ಬರುತ್ತದೆ. ಆದರೆ ಒಂದು ವಿಡಿಯೊಗೆ ಒಂದೇ ಅವಕಾಶ, ಆ ತೀರ್ಪೇ ಅಂತಿಮ. ಆಮೇಲೆ ತಿದ್ದಿದರೆ ಬಣ್ಣ ಬದಲಾಗದು. ಆದ್ದರಿಂದ ರಕ್ತದ ಮುಖಚಿತ್ರ ತೆಗೆದು, ಆಚರಣೆಯ ಹಿನ್ನೆಲೆಯನ್ನು ವಿವರಣೆಯಲ್ಲಿ ಬರೆದು, ಜಾಹೀರಾತು ನಿಯಮ ಓದಿಕೊಂಡ ಮೇಲೆಯೇ ಕೋರಿಕೆಯ ಗುಂಡಿ ಒತ್ತಿ.