ಒಂದೇ ಮೆಸ್, ಒಂದೇ ಡಯಟ್, ಲೆಕ್ಕ ಮಾತ್ರ ಬೇರೆ

ಕಳೆದ ಸೆಮಿಸ್ಟರ್‌ನಲ್ಲಿ ನಾವಿಬ್ಬರು ರೂಮ್‌ಮೇಟ್‌ಗಳು ಸೇರಿ ಡಯಟ್ ಶುರು ಮಾಡಿದ್ವಿ. ದಿನಕ್ಕೆ 1600 ಕ್ಯಾಲೊರಿ, ಇಬ್ಬರಿಗೂ ಅಷ್ಟೇ. ಮೂರನೇ ವಾರಕ್ಕೆ ಒಬ್ಬರು ಆರಾಮಾಗಿದ್ವಿ, ಇನ್ನೊಬ್ಬರು ಲ್ಯಾಬ್‌ನಲ್ಲಿ ತಲೆ ಸುತ್ತಿ ಕೂತುಬಿಟ್ವಿ. ಆಮೇಲೆ ಕೂತು ಲೆಕ್ಕ ಹಾಕಿದಾಗ ತಪ್ಪು ಎಲ್ಲಿ ಅಂತ ಗೊತ್ತಾಯ್ತು.

ಸಿಗ್ನಲ್‌ನಲ್ಲಿ ನಿಂತ ಬೈಕ್ ಕೂಡ ಪೆಟ್ರೋಲ್ ಕುಡಿಯುತ್ತೆ ಅಲ್ವಾ? ನಮ್ಮ ದೇಹವೂ ಹಾಗೆ. ಸುಮ್ಮನೆ ಮಲಗಿದ್ದರೂ ಮೆದುಳು, ಯಕೃತ್ತು, ಹೃದಯ, ಮೂತ್ರಪಿಂಡ ಕೆಲಸ ಮಾಡುತ್ತಲೇ ಇರುತ್ತವೆ. ಈ ಖರ್ಚಿಗೆ ಮೂಲ ಚಯಾಪಚಯ ದರ, ಅಂದರೆ ಬಿಎಂಆರ್ ಅಂತಾರೆ. ಇದನ್ನು ಅಂದಾಜು ಮಾಡಲು 1990ರ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ ಇದೆ:

```
BMR = 10W + 6.25H - 5A + 5
```

W ತೂಕ (ಕೆಜಿ), H ಎತ್ತರ (ಸೆಂ.ಮೀ.), A ವಯಸ್ಸು. ಹೆಣ್ಣುಮಕ್ಕಳಿಗೆ ಕೊನೆಯ +5 ಬದಲು -161.

ನಮ್ಮಲ್ಲಿ ಒಬ್ಬರು 62 ಕೆಜಿ, 164 ಸೆಂ.ಮೀ.; ಇನ್ನೊಬ್ಬರು 88 ಕೆಜಿ, 180 ಸೆಂ.ಮೀ. ಇಬ್ಬರಿಗೂ 19 ವರ್ಷ. ಮೊದಲನೆಯವರಿಗೆ 1555 ಬಂತು, ಎರಡನೆಯವರಿಗೆ 1915. ಅಂದರೆ 1600 ಕ್ಯಾಲೊರಿ ದೊಡ್ಡ ದೇಹಕ್ಕೆ ಹಾಸಿಗೆಯಲ್ಲಿ ಮಲಗಿರೋಕೂ ಸಾಲದು! ಕ್ಲಾಸಿಗೆ ನಡೆಯೋದು, ಮೆಟ್ಟಿಲು ಹತ್ತೋದು ಎಲ್ಲ ಸೇರಿಸಲು 1.5ರಿಂದ ಗುಣಿಸಿದ್ವಿ. ಒಬ್ಬರಿಗೆ ಸುಮಾರು 2330, ಇನ್ನೊಬ್ಬರಿಗೆ ಸುಮಾರು 2870. ಹಾಗಾಗಿ ದಿನದ ಕೊರತೆ ಒಬ್ಬರಿಗೆ 730, ಇನ್ನೊಬ್ಬರಿಗೆ 1270. ತಲೆ ಸುತ್ತಿದ್ದು ಯಾರಿಗೆ ಅಂತ ಈಗ ಹೇಳಬೇಕಿಲ್ಲ.

ಇನ್ನೊಂದು ಖರ್ಚು ಊಟದ್ದೇ. ಜೀರ್ಣಿಸಿ, ಹೀರಿ, ಕೂಡಿಡೋಕೂ ಶಕ್ತಿ ಬೇಕು. ಪ್ರೋಟೀನ್‌ನಿಂದ ಬಂದ 100 ಕ್ಯಾಲೊರಿಯಲ್ಲಿ 20ರಿಂದ 30 ಇದಕ್ಕೇ ಹೋಗುತ್ತೆ. ಅನ್ನ, ಮುದ್ದೆಯಂಥ ಕಾರ್ಬೋಹೈಡ್ರೇಟ್‌ನಲ್ಲಿ 5ರಿಂದ 10, ಎಣ್ಣೆ-ತುಪ್ಪದಲ್ಲಿ ಹೆಚ್ಚೆಂದರೆ 3. ಎಲ್ಲ ಬೆರೆತ ಊಟಕ್ಕೆ ಸುಮಾರು ಶೇ. 10. ಇಲ್ಲೂ ನಾವು ಎಡವಿದ್ವಿ: ಈ 10ನ್ನು ಕೊನೆಗೆ ಮತ್ತೆ ಕೂಡಿಸಿದ್ವಿ. ಆದರೆ 1.5 ಅನ್ನೋ ಗುಣಕದಲ್ಲೇ ಅದು ಸೇರಿದೆ, ಎರಡು ಸಲ ಎಣಿಸಬಾರದು.

ಸೂತ್ರಕ್ಕೂ ಮಿತಿ ಇದೆ. ಅದಕ್ಕೆ ತೂಕ ಗೊತ್ತು, ತೂಕದೊಳಗೆ ಏನಿದೆ ಅಂತ ಗೊತ್ತಿಲ್ಲ. ಒಂದು ಕೆಜಿ ಸ್ನಾಯು ವಿಶ್ರಾಂತಿಯಲ್ಲಿ ದಿನಕ್ಕೆ ಸುಮಾರು 13 ಕ್ಯಾಲೊರಿ ಬಳಸಿದರೆ, ಒಂದು ಕೆಜಿ ಕೊಬ್ಬು 4.5 ಮಾತ್ರ. ಅದಕ್ಕೇ ಒಂದೇ ತೂಕ, ಎತ್ತರ, ವಯಸ್ಸಿನ ಇಬ್ಬರ ನಿಜವಾದ ಬಿಎಂಆರ್ ಬೇರೆ ಇರಬಹುದು. ಸರಿಯಾಗಿ ಅಳೆಯಬೇಕು ಅಂದರೆ ರಾತ್ರಿಯಿಡೀ ಉಪವಾಸ ಇದ್ದು, ಬೆಳಗ್ಗೆ ಎಚ್ಚರವಾಗಿ ಅಲುಗಾಡದೆ ಮಲಗಿರುವಾಗ ಬಳಸುವ ಆಕ್ಸಿಜನ್ ಅಳೆಯಬೇಕು.

ಹಾಸ್ಟೆಲ್‌ನಲ್ಲಿ ಆ ಯಂತ್ರ ಎಲ್ಲಿಂದ ತರೋಣ? ಹಾಗಾಗಿ ಸೂತ್ರದ ಉತ್ತರವನ್ನು ಮೊದಲ ಅಂದಾಜು ಅಂತ ಇಟ್ಕೊಂಡ್ವಿ. ಎರಡು-ಮೂರು ವಾರ ಬೆಳಗ್ಗೆ ತೂಕ ನೋಡಿ, ಸರಾಸರಿ ಬೇಗ ಇಳಿದರೆ ಊಟ ಹೆಚ್ಚಿಸ್ತೀವಿ. ಈಗ ದೊಡ್ಡ ದೇಹದವರ ಲೆಕ್ಕ 2400, ಚಿಕ್ಕ ದೇಹದವರದು 1900. ಮೆಸ್ಸಿನಲ್ಲಿ ಪಕ್ಕದಲ್ಲೇ ಕೂತ್ಕೋತೀವಿ, ತಟ್ಟೆ ಮಾತ್ರ ಹೋಲಿಸಲ್ಲ.