ಇಸಾಪ್ ಷೇರು: ಮಾರ್ಚ್‌ನಲ್ಲೋ, ಏಪ್ರಿಲ್‌ನಲ್ಲೋ?

ಪ್ರಶ್ನೆ: ಬೆಂಗಳೂರಿನ ಒಂದು ಸ್ಟಾರ್ಟಪ್‌ನಲ್ಲಿ ಐದು ವರ್ಷದಿಂದ ಕೆಲಸದಲ್ಲಿದ್ದೇನೆ. ಅಮ್ಮನಿಗೆ ಶಸ್ತ್ರಚಿಕಿತ್ಸೆ ಆಗಬೇಕಿರುವುದರಿಂದ ರಾಜೀನಾಮೆ ಕೊಟ್ಟಿದ್ದೇನೆ. ಫೆಬ್ರುವರಿ 28 ಕೊನೆಯ ದಿನ. ಆಮೇಲೆ ಒಂದು ವರ್ಷ ಹಾಸನದಲ್ಲಿ ಅಮ್ಮನ ಜೊತೆಗೇ ಇರುತ್ತೇನೆ, ಬೇರೆ ಸಂಬಳ ಇರುವುದಿಲ್ಲ. ನನ್ನ 2,000 ಆಪ್ಷನ್‌ಗಳು ವೆಸ್ಟ್ ಆಗಿವೆ. ಒಂದಕ್ಕೆ 100 ರೂಪಾಯಿ ಕೊಟ್ಟು, ಕೆಲಸ ಬಿಟ್ಟ 90 ದಿನದೊಳಗೆ ಷೇರು ತೆಗೆದುಕೊಳ್ಳಬೇಕಂತೆ. ಎರಡು ಲಕ್ಷ ನನ್ನಲ್ಲಿದೆ. ಆದರೆ ತೆರಿಗೆ ಎಂದು ಇನ್ನೂ 6.24 ಲಕ್ಷ ಕಟ್ಟಬೇಕು ಎನ್ನುತ್ತಿದ್ದಾರೆ. ಒಂದು ಷೇರನ್ನೂ ಮಾರಿಲ್ಲ, ಒಂದು ರೂಪಾಯಿಯೂ ಕೈಗೆ ಬಂದಿಲ್ಲ, ತೆರಿಗೆ ಯಾವುದಕ್ಕೆ? ಮುಂದೆ ಮಾರಿದಾಗ ಮತ್ತೆ ಕಟ್ಟಬೇಕೇ? ಒಡವೆ ಅಡವಿಡಲೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ಒಡವೆಯನ್ನು ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇಡಿ. ನಿಮ್ಮ ಪತ್ರದಲ್ಲಿರುವ ತಾರೀಖುಗಳನ್ನು ನೋಡಿದರೆ ಈ 6.24 ಲಕ್ಷವನ್ನು ಎರಡು ಲಕ್ಷದೊಳಗೆ ಇಳಿಸಿಕೊಳ್ಳಲು ದಾರಿಯಿದೆ. ಅದನ್ನು ಹೇಳುವ ಮೊದಲು ಈ ತೆರಿಗೆ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಳ್ಳಿ.

ನೀವು ಹಣ ಕಟ್ಟಿ ಆಪ್ಷನ್‌ ಎಕ್ಸರ್‌ಸೈಜ್ ಮಾಡಿದ ದಿನ ಆ ಷೇರಿನ ನ್ಯಾಯವಾದ ಮಾರುಕಟ್ಟೆ ಬೆಲೆ ಎಷ್ಟಿತ್ತು ಎಂದು ಆದಾಯ ತೆರಿಗೆ ಕಾನೂನು ಕೇಳುತ್ತದೆ. ನಿಮ್ಮದು ಷೇರುಪೇಟೆಯಲ್ಲಿ ಇಲ್ಲದ ಕಂಪನಿ. ಹಾಗಾಗಿ ಈ ಬೆಲೆಯನ್ನು ಸೆಬಿಯಲ್ಲಿ ನೋಂದಾಯಿಸಿದ ಮರ್ಚೆಂಟ್ ಬ್ಯಾಂಕರ್ ಒಬ್ಬರು ಲೆಕ್ಕ ಹಾಕಿ ಪ್ರಮಾಣಪತ್ರ ಕೊಡುತ್ತಾರೆ. ಕಂಪನಿ ಹೇಳಿದ 6.24 ಲಕ್ಷದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಆ ಬೆಲೆ 1,100 ರೂಪಾಯಿ ಎಂದಾಗುತ್ತದೆ. ನೀವು ಕೊಡುವುದು 100. ಷೇರಿಗೆ ಉಳಿದ ಸಾವಿರ ರೂಪಾಯಿಯಂತೆ 2,000 ಷೇರಿಗೆ 20 ಲಕ್ಷ. ಈ 20 ಲಕ್ಷ ಕಂಪನಿ ನಿಮಗೆ ಕೊಟ್ಟ ಸವಲತ್ತು, ಅಂದರೆ ಸಂಬಳದ ಭಾಗ ಎಂದು ಕಾನೂನು ಎಣಿಸುತ್ತದೆ. ಮಾರಿಲ್ಲ ಎಂಬುದು ಇಲ್ಲಿ ಗಣನೆಗೆ ಬರುವುದಿಲ್ಲ. ಸಂಬಳಕ್ಕೆ ಟಿಡಿಎಸ್ ಹಿಡಿಯುವಂತೆ ಇದಕ್ಕೂ ಕಂಪನಿ ಹಿಡಿಯಲೇಬೇಕು. ಕೆಲಸ ಬಿಟ್ಟವರಿಗೆ ಹಿಡಿಯಲು ಸಂಬಳವೇ ಇಲ್ಲದ ಕಾರಣ ಆ ಮೊತ್ತವನ್ನು ನಿಮ್ಮಿಂದಲೇ ಮೊದಲು ಕಟ್ಟಿಸಿಕೊಳ್ಳುತ್ತಾರೆ.

ಸ್ಟಾರ್ಟಪ್ ನೌಕರರಿಗೆ ಈ ತೆರಿಗೆಯನ್ನು ಕೆಲವು ವರ್ಷ ಮುಂದೂಡುವ ಸೌಲಭ್ಯ ಇದೆಯಲ್ಲ ಎಂದು ಯಾರಾದರೂ ನಿಮಗೆ ಹೇಳಬಹುದು. ಸರ್ಕಾರದ ಅಂತರ ಸಚಿವಾಲಯ ಮಂಡಳಿಯ ಪ್ರಮಾಣಪತ್ರ ಪಡೆದ ಸ್ಟಾರ್ಟಪ್‌ಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಅಲ್ಲದೆ ನೌಕರ ಕೆಲಸ ಬಿಟ್ಟ ಕೂಡಲೇ ಮುಂದೂಡಿಕೆ ಮುಗಿಯುತ್ತದೆ. ಆದ್ದರಿಂದ ನಿಮಗೆ ಅದರಿಂದ ಉಪಯೋಗವಿಲ್ಲ.

ಈಗ ದಾರಿಯ ವಿಷಯ. ಈ 20 ಲಕ್ಷ ಯಾವ ವರ್ಷದ ಆದಾಯ ಎಂಬುದನ್ನು ತೀರ್ಮಾನಿಸುವುದು ಷೇರು ನಿಮ್ಮ ಹೆಸರಿಗೆ ಅಲಾಟ್ ಆದ ದಿನ. ಮಾರ್ಚ್ 31ರೊಳಗೆ ಅಲಾಟ್ ಆದರೆ ಅದು ನಿಮ್ಮ ಹನ್ನೊಂದು ತಿಂಗಳ ಸಂಬಳದ ಮೇಲೆ ಕೂರುತ್ತದೆ. ಆ ಸಂಬಳವೇ 24 ಲಕ್ಷ ದಾಟಿದೆ ಎಂದು ಕಾಣುತ್ತದೆ. ಹಾಗಾಗಿ 20 ಲಕ್ಷವೂ 30 ಪರ್ಸೆಂಟ್ ದರಕ್ಕೆ ಬಿದ್ದು, ಅದರ ಮೇಲೆ 4 ಪರ್ಸೆಂಟ್ ಸೆಸ್ ಸೇರಿ 6.24 ಲಕ್ಷವಾಗಿದೆ. ನಿಮ್ಮ ಕಂಪನಿಯ ಲೆಕ್ಕ ತಪ್ಪಲ್ಲ, ಮಾರ್ಚ್‌ಗೆ ಹಾಕಿದ ಲೆಕ್ಕ ಅಷ್ಟೆ.

ಆದರೆ ನಿಮ್ಮ 90 ದಿನ ಮೇ ಕೊನೆಯ ವಾರದವರೆಗೆ ಇದೆ. ಏಪ್ರಿಲ್‌ನಲ್ಲಿ ಎಕ್ಸರ್‌ಸೈಜ್ ಮಾಡಿದರೆ ಈ 20 ಲಕ್ಷ ಹೊಸ ವರ್ಷಕ್ಕೆ ಸೇರುತ್ತದೆ. ಆ ವರ್ಷ ನಿಮಗೆ ಬೇರೆ ಸಂಬಳವಿಲ್ಲ. ಹೊಸ ಪದ್ಧತಿಯ ಈಗಿನ ದರದಲ್ಲಿ ಲೆಕ್ಕ ಹಾಕೋಣ. ಸವಲತ್ತೂ ಸಂಬಳವೇ ಆದ್ದರಿಂದ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಉಳಿಯುವುದು 19.25 ಲಕ್ಷ. ಮೊದಲ ನಾಲ್ಕು ಲಕ್ಷಕ್ಕೆ ತೆರಿಗೆ ಇಲ್ಲ. ಮುಂದಿನ ನಾಲ್ಕು ಲಕ್ಷಕ್ಕೆ 20,000, ಅದರ ಮುಂದಿನ ನಾಲ್ಕಕ್ಕೆ 40,000, ಮತ್ತೆ ನಾಲ್ಕಕ್ಕೆ 60,000, ಕೊನೆಯ 3.25 ಲಕ್ಷಕ್ಕೆ 65,000. ಒಟ್ಟು 1.85 ಲಕ್ಷ, ಸೆಸ್ ಸೇರಿ 1,92,400 ರೂಪಾಯಿ. ಷೇರಿನ ಎರಡು ಲಕ್ಷವೂ ಸೇರಿದರೆ ನೀವು ಹೊಂದಿಸಬೇಕಾದದ್ದು ಸುಮಾರು 3.92 ಲಕ್ಷ. ಮಾರ್ಚ್‌ನಲ್ಲಾದರೆ 8.24 ಲಕ್ಷ. ಬ್ಯಾಂಕ್ ಬಡ್ಡಿಯಂಥ ಬೇರೆ ಆದಾಯವಿದ್ದರೆ ತೆರಿಗೆ ತುಸು ಏರುತ್ತದೆ. ಕಂಪನಿ ಅಕಸ್ಮಾತ್ ಹೆಚ್ಚು ಟಿಡಿಎಸ್ ಹಿಡಿದರೂ ರಿಟರ್ನ್ ಸಲ್ಲಿಸಿದಾಗ ಹೆಚ್ಚಿನದು ವಾಪಸು ಬರುತ್ತದೆ.

ಇದರಲ್ಲಿ ಎಚ್ಚರ ತಪ್ಪಬಾರದ ಜಾಗ ಎರಡಿವೆ. ಮೊದಲನೆಯದು, 90 ದಿನ ಕಳೆದರೆ ಆಪ್ಷನ್ ರದ್ದಾಗುತ್ತದೆ. ಮೇ ತಿಂಗಳಿಗೆ ತಳ್ಳದೆ ಏಪ್ರಿಲ್ ಮೊದಲ ವಾರದಲ್ಲೇ ಅರ್ಜಿ ಮತ್ತು ಹಣ ಕೊಟ್ಟು, ಕೊಟ್ಟಿದ್ದಕ್ಕೆ ಇಮೇಲ್‌ನಲ್ಲಿ ಸ್ವೀಕೃತಿ ತರಿಸಿಕೊಳ್ಳಿ. ಎರಡನೆಯದು, ಮರ್ಚೆಂಟ್ ಬ್ಯಾಂಕರ್ ಪ್ರಮಾಣಪತ್ರ ಎಕ್ಸರ್‌ಸೈಜ್ ದಿನಕ್ಕೆ 180 ದಿನಕ್ಕಿಂತ ಹಳೆಯದಾಗಿರಬಾರದು. ಈಗಿರುವುದರ ಅವಧಿ ಅಷ್ಟರಲ್ಲಿ ಮುಗಿದರೆ ಹೊಸ ಮೌಲ್ಯ ಬರುತ್ತದೆ. ಅದು 1,100ಕ್ಕಿಂತ ಹೆಚ್ಚಿದ್ದರೆ ತೆರಿಗೆಯೂ ಹೆಚ್ಚುತ್ತದೆ.

ಇನ್ನು ಮಾರುವಾಗಿನ ತೆರಿಗೆ. ಅದೇ ಹಣಕ್ಕೆ ಎರಡು ಸಲ ಕಟ್ಟಬೇಕಿಲ್ಲ. ಈಗ 1,100ರವರೆಗೆ ತೆರಿಗೆ ಕಟ್ಟಿರುತ್ತೀರಿ, ಆದ್ದರಿಂದ ಮಾರುವಾಗ ನಿಮ್ಮ ಕೊಂಡ ಬೆಲೆ ಎಂದು ಹಿಡಿಯುವುದು ಆ 1,100ನ್ನೇ. ಅದಕ್ಕಿಂತ ಮೇಲೆ ಬಂದದ್ದು ಮಾತ್ರ ಬಂಡವಾಳ ಲಾಭ. ಮುಂದೆ 1,500ಕ್ಕೆ ಮಾರಿದರೆ ಲಾಭ ಷೇರಿಗೆ 400, ಒಟ್ಟು ಎಂಟು ಲಕ್ಷ. ಅಲಾಟ್ ಆದ ದಿನದಿಂದ 24 ತಿಂಗಳು ದಾಟಿದ್ದರೆ 12.5 ಪರ್ಸೆಂಟ್ ಮತ್ತು ಸೆಸ್, ಅಂದರೆ 1.04 ಲಕ್ಷ. ಅದಕ್ಕೆ ಮೊದಲೇ ಮಾರಿದರೆ ಲಾಭ ಆ ವರ್ಷದ ಆದಾಯಕ್ಕೆ ಸೇರಿ ನಿಮ್ಮ ಸ್ಲ್ಯಾಬ್ ದರದಲ್ಲಿ ತೆರಿಗೆ ಬೀಳುತ್ತದೆ. ಬಹಳ ಜನ ರಿಟರ್ನ್‌ನಲ್ಲಿ ಕೊಂಡ ಬೆಲೆ ಎಂಬಲ್ಲಿ ತಾವು ಕೊಟ್ಟ 100ನ್ನೇ ಬರೆದು, ಷೇರಿಗೆ ಸಾವಿರ ರೂಪಾಯಿಯಂತೆ ಮತ್ತೊಮ್ಮೆ ತೆರಿಗೆ ಕಟ್ಟಿಬಿಡುತ್ತಾರೆ. ಮೌಲ್ಯದ ಪ್ರಮಾಣಪತ್ರ, ಅಲಾಟ್‌ಮೆಂಟ್ ಪತ್ರ, ಸವಲತ್ತಿನ ಮೊತ್ತ ನಮೂದಿಸಿದ ಟಿಡಿಎಸ್ ದಾಖಲೆ ಮೂರನ್ನೂ ಜೋಪಾನವಾಗಿಡಿ. 1,100ಕ್ಕೆ ಸಾಕ್ಷಿ ಅವೇ.

ಬೆಲೆ ಬಿದ್ದರೆ ಏನು? ಇದನ್ನು ನಿಮಗೆ ಮುಚ್ಚಿಡಲಾರೆ. 300ಕ್ಕೆ ಮಾರಬೇಕಾಗಿ ಬಂದರೆ ಕೈಗೆ ಆರು ಲಕ್ಷ ಬರುತ್ತದೆ, ತೆರಿಗೆ ಲೆಕ್ಕದಲ್ಲಿ 16 ಲಕ್ಷ ನಷ್ಟ ಕಾಣುತ್ತದೆ. ಆದರೂ ಈಗ ಕಟ್ಟಿದ ತೆರಿಗೆ ಮರಳಿ ಬರುವುದಿಲ್ಲ. ಆ ನಷ್ಟವನ್ನು ಸಂಬಳದಲ್ಲಿ ಕಳೆಯುವಂತಿಲ್ಲ, ಬೇರೆ ಬಂಡವಾಳ ಲಾಭವಿದ್ದರೆ ಮಾತ್ರ ಅದರಲ್ಲಿ ಕಳೆಯಬಹುದು. ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಕಂಪನಿಯೇ ಮುಚ್ಚಿಹೋದರೆ 3.92 ಲಕ್ಷವೂ ಹೋದಂತೆಯೇ. ಮೇಲಾಗಿ ಪೇಟೆಯಲ್ಲಿಲ್ಲದ ಷೇರನ್ನು ಬೇಕೆಂದಾಗ ಮಾರಲು ಆಗುವುದಿಲ್ಲ. ಕೊಳ್ಳುವವರು ಸಿಗಬೇಕು, ಎಷ್ಟೋ ಕಂಪನಿಗಳಲ್ಲಿ ಕಂಪನಿಯ ಒಪ್ಪಿಗೆಯೂ ಬೇಕು.

ಆದ್ದರಿಂದ ಅಮ್ಮನ ಚಿಕಿತ್ಸೆಗೂ ನಿಮ್ಮ ಒಂದು ವರ್ಷದ ಖರ್ಚಿಗೂ ತೆಗೆದಿಟ್ಟ ಮೇಲೆ ಉಳಿಯುವ ಹಣದಿಂದ ಮಾತ್ರ ಇದಕ್ಕೆ ಕೈಹಾಕಿ. ಒಡವೆ ಅಡವಿಟ್ಟು ಬೇಡ. ಎಲ್ಲ 2,000 ತೆಗೆದುಕೊಳ್ಳಲೇಬೇಕೆಂದೂ ಇಲ್ಲ. ಯೋಜನೆಯಲ್ಲಿ ಅವಕಾಶವಿದ್ದು 1,000 ಮಾತ್ರ ತೆಗೆದುಕೊಂಡರೆ ಸವಲತ್ತು ಹತ್ತು ಲಕ್ಷಕ್ಕೆ ಇಳಿಯುತ್ತದೆ. ಬೇರೆ ಆದಾಯವಿಲ್ಲದಿದ್ದರೆ, ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ಸಿಗುವ ರಿಯಾಯಿತಿಯಿಂದ ತೆರಿಗೆ ಸೊನ್ನೆಯಾಗುತ್ತದೆ. ಆಗ ನಿಮ್ಮ ಕೈಯಿಂದ ಹೋಗುವುದು ಒಂದು ಲಕ್ಷ ರೂಪಾಯಿ ಮಾತ್ರ. ನಿಮ್ಮ ಪರಿಸ್ಥಿತಿಯಲ್ಲಿ ನಾನು ಮೊದಲು ಯೋಚಿಸುವುದು ಇದನ್ನೇ.

ಕೊನೆಯ ದಿನಕ್ಕೆ ಮೊದಲು ಎಚ್‌ಆರ್‌ಗೆ ಇಮೇಲ್ ಬರೆದು ನಾಲ್ಕು ವಿಷಯ ಲಿಖಿತವಾಗಿ ತರಿಸಿಕೊಳ್ಳಿ: 90 ದಿನ ಮುಗಿಯುವ ನಿಖರ ತಾರೀಖು ಯಾವುದು, ಈಗಿನ ಮೌಲ್ಯ ಪ್ರಮಾಣಪತ್ರದ ದಿನಾಂಕ ಯಾವುದು, ಏಪ್ರಿಲ್‌ನಲ್ಲಿ ಹಣ ಕಟ್ಟಿದರೆ ಎಷ್ಟು ದಿನದಲ್ಲಿ ಅಲಾಟ್ ಆಗುತ್ತದೆ, ಸ್ವಲ್ಪ ಭಾಗವನ್ನು ಮಾತ್ರ ಎಕ್ಸರ್‌ಸೈಜ್ ಮಾಡಬಹುದೇ. ಆ ಉತ್ತರಗಳನ್ನು ಹಿಡಿದು ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಹೋಗಿ ಲೆಕ್ಕ ಖಚಿತ ಮಾಡಿಕೊಳ್ಳಿ. ಮಾರ್ಚ್‌ನಲ್ಲಿ ಮಾತ್ರ ಯಾರು ಅವಸರ ಮಾಡಿದರೂ ಸಹಿ ಹಾಕಬೇಡಿ.