ಜಿಎಸ್‌ಟಿ ಬಾಕಿಗೆ ಖಾತೆ ಲಾಕ್ ಆಗಿದೆಯೇ? ಬಿಡಿಸಿಕೊಳ್ಳುವುದು ಹೀಗೆ, ಹಂತ ಹಂತವಾಗಿ

ಬೆಳಿಗ್ಗೆ ಸಪ್ಲೈಯರ್‌ಗೆ ಹಣ ಹಾಕಲು ಹೋದರೆ ವ್ಯವಹಾರ ಫೇಲ್. ಖಾತೆಯಲ್ಲಿ ದುಡ್ಡು ಕಾಣುತ್ತದೆ, ಆದರೆ ಹೋಗುವುದಿಲ್ಲ. ಬ್ಯಾಂಕಿಗೆ ಫೋನ್ ಮಾಡಿದರೆ 'ಜಿಎಸ್‌ಟಿ ಇಲಾಖೆಯಿಂದ ಲೀನ್ ಬಂದಿದೆ' ಅನ್ನುತ್ತಾರೆ. ಭಯಪಡಬೇಡಿ. ಇದು ಪೊಲೀಸ್ ಕೇಸ್ ಅಲ್ಲ, ನಿಮ್ಮ ಖಾತೆ ಮುಚ್ಚಿಯೂ ಹೋಗಿಲ್ಲ. ನಿಮ್ಮ ಮೇಲೆ ಬಾಕಿ ಇದೆ ಎಂದು ಒಂದು ಆದೇಶ ಆಗಿದೆ, ಆ ಬಾಕಿಯನ್ನು ನಿಮ್ಮ ಬ್ಯಾಂಕಿನಿಂದ ವಸೂಲು ಮಾಡಲು ಇಲಾಖೆ ಹೊರಟಿದೆ. ಹಾಗಾಗಿ ಇದನ್ನು ಬಿಡಿಸುವ ಅಧಿಕಾರ ಬ್ಯಾಂಕಿನ ಬಳಿ ಇಲ್ಲ, ಆದೇಶ ಮಾಡಿದ ಕಚೇರಿಯ ಬಳಿ ಇದೆ.

ಒಂದು ಉದಾಹರಣೆ ಇಟ್ಟುಕೊಂಡು ನಡೆಯೋಣ. ಹುಬ್ಬಳ್ಳಿಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ. ಕರೆಂಟ್ ಅಕೌಂಟಿನಲ್ಲಿ 4,50,000 ರೂಪಾಯಿ ಇದೆ. ಜೂನ್ 5ರಂದು 3,93,600 ರೂಪಾಯಿಗೆ ಲೀನ್ ಬಿದ್ದಿದೆ.

1. ಎಷ್ಟು ಹಣ ಲಾಕ್ ಆಗಿದೆ ಎಂದು ಮೊದಲು ನೋಡಿ.

ಬ್ಯಾಂಕಿನ ಆ್ಯಪ್ ತೆರೆದು ಒಟ್ಟು ಬ್ಯಾಲೆನ್ಸ್ ಮತ್ತು `Available Balance` ಎರಡನ್ನೂ ಬರೆದುಕೊಳ್ಳಿ. ಲೀನ್ ಎಂದರೆ ಇಂತಿಷ್ಟು ಮೊತ್ತವನ್ನು ಮಾತ್ರ ಮುಟ್ಟುವಂತಿಲ್ಲ ಎಂದರ್ಥ. ನಮ್ಮ ಅಂಗಡಿಯವರಿಗೆ ಉಳಿದ 56,400 ರೂಪಾಯಿ ಬಳಕೆಗೆ ಸಿಗುತ್ತದೆ. ಫ್ರೀಜ್ ಹಾಗಲ್ಲ. ಡೆಬಿಟ್ ಫ್ರೀಜ್ ಆದರೆ ಹಣ ಒಳಗೆ ಬರುತ್ತದೆ, ಒಂದು ರೂಪಾಯಿಯೂ ಹೊರಗೆ ಹೋಗುವುದಿಲ್ಲ. ಟೋಟಲ್ ಫ್ರೀಜ್ ಆದರೆ ಒಳಗೂ ಬರುವುದಿಲ್ಲ.

ಎಚ್ಚರ: ಈ ಖಾತೆಯಿಂದ ಕೊಟ್ಟ ಚೆಕ್, ಕಟ್ ಆಗಬೇಕಾದ ಇಎಂಐ ಯಾವುದಿದೆ ಎಂದು ಇವತ್ತೇ ಪಟ್ಟಿ ಮಾಡಿ. ಚೆಕ್ ಪಡೆದವರಿಗೆ ನೀವೇ ಫೋನ್ ಮಾಡಿ, ಇನ್ನು ನಾಲ್ಕು ದಿನ ಹಾಕಬೇಡಿ ಎಂದು ಕೇಳಿಕೊಳ್ಳಿ. ಲೀನ್ ಇವತ್ತಲ್ಲ ನಾಳೆ ಹೋಗುತ್ತದೆ, ಚೆಕ್ ಬೌನ್ಸಾದರೆ ಅದೇ ಬೇರೆ ಕೇಸ್ ಆಗಿ ಕೂರುತ್ತದೆ.

2. ಬ್ರಾಂಚಿಗೆ ಹೋಗಿ ನೋಟಿಸಿನ ಪ್ರತಿ ಕೇಳಿ.

ಬಾಯಿಮಾತಿನಲ್ಲಿ ಬೇಡ, ಒಂದು ಬಿಳಿ ಹಾಳೆಯಲ್ಲಿ ಬರೆದು ಕೊಡಿ: ನನ್ನ ಈ ನಂಬರಿನ ಖಾತೆಗೆ ಲೀನ್ ಹಾಕಲು ಬಂದ ನೋಟಿಸಿನ ಪ್ರತಿ ಕೊಡಿ. ನಿಮ್ಮ ಪ್ರತಿಯ ಮೇಲೆ ಬ್ರಾಂಚಿನ ಸೀಲು, ತಾರೀಖು ಹಾಕಿಸಿಕೊಳ್ಳಿ. ಮ್ಯಾನೇಜರ್ ಜೊತೆ ಜಗಳ ಬೇಡ. ನೋಟಿಸನ್ನು ಪಾಲಿಸದಿದ್ದರೆ ಆ ಮೊತ್ತಕ್ಕೆ ಬ್ಯಾಂಕನ್ನೇ ಬಾಕಿದಾರ ಎಂದು ಕಾನೂನು ಎಣಿಸುತ್ತದೆ. ಅವರ ಕೈ ನಿಜಕ್ಕೂ ಕಟ್ಟಿದೆ.

ನೋಟಿಸಿನ ತಲೆಯಲ್ಲಿ ಫಾರ್ಮ್ ನಂಬರ್ ಇರುತ್ತದೆ. ಅದನ್ನು ನೋಡಿದರೆ ಅರ್ಧ ವಿಷಯ ತಿಳಿದಂತೆ. `DRC-13` ಎಂದಿದ್ದರೆ ಅದು ವಸೂಲಿ: ಈ ಹಣವನ್ನು ಸರ್ಕಾರಕ್ಕೆ ಕಟ್ಟಿಬಿಡಿ ಎಂದು ಬ್ಯಾಂಕಿಗೆ ಹೇಳಿದ್ದಾರೆ. `DRC-22` ಎಂದಿದ್ದರೆ ಅದು ತಾತ್ಕಾಲಿಕ ಜಪ್ತಿ: ವಿಚಾರಣೆ ನಡೆಯುತ್ತಿದೆ, ಹಣ ಅಲ್ಲಿಯೇ ಇರಲಿ ಎಂದಿದ್ದಾರೆ. ಅದರ ಆಯಸ್ಸು 1 ವರ್ಷ. ಅದಕ್ಕೆ `DRC-22A` ಫಾರ್ಮಿನಲ್ಲಿ ಆಕ್ಷೇಪಣೆ ಹಾಕಬೇಕು, ಒಪ್ಪಿದರೆ `DRC-23`ರಲ್ಲಿ ಬಿಡುಗಡೆಯ ಆದೇಶ ಬರುತ್ತದೆ. ತಾತ್ಕಾಲಿಕ ಜಪ್ತಿಯ ಅಧಿಕಾರ ತುಂಬಾ ಕಠೋರವಾದದ್ದು, ಗಟ್ಟಿ ಆಧಾರವಿಲ್ಲದೆ ಬಳಸಬಾರದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ರಾಧಾ ಕೃಷನ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಹೇಳಿದೆ. ಆಕ್ಷೇಪಣೆಯಲ್ಲಿ ಆ ತೀರ್ಪನ್ನು ಹೆಸರಿಸಿ.

ಇನ್ನು ಕೋರ್ಟಿನಿಂದ ಬಂದ ಆದೇಶವಾಗಿದ್ದರೆ ದಾರಿಯೇ ಬೇರೆ. ಯಾರೋ ನಿಮ್ಮ ಮೇಲೆ ಡಿಕ್ರಿ ಪಡೆದು ಅದನ್ನು ಜಾರಿ ಮಾಡಿಸುತ್ತಿದ್ದಾರೆ ಎಂದರ್ಥ. ಆದೇಶದಲ್ಲಿರುವ ಕೇಸ್ ನಂಬರ್ ಹಿಡಿದು ವಕೀಲರ ಮೂಲಕ ಅದೇ ಕೋರ್ಟಿಗೆ ಅರ್ಜಿ ಹಾಕಬೇಕು. ಸರ್ಕಾರಿ ಪಿಂಚಣಿಯನ್ನು ಡಿಕ್ರಿಗಾಗಿ ಜಪ್ತಿ ಮಾಡುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಹೇಳುತ್ತದೆ. ನಿಮ್ಮದು ಪಿಂಚಣಿ ಬರುವ ಖಾತೆಯಾಗಿದ್ದರೆ ವಕೀಲರಿಗೆ ಮೊದಲು ಅದನ್ನೇ ಹೇಳಿ, ಪಾಸ್‌ಬುಕ್ ತೋರಿಸಿ.

ನಮ್ಮ ಅಂಗಡಿಯವರಿಗೆ ಬಂದಿರುವುದು `DRC-13`. ಆದ್ದರಿಂದ ಬ್ರಾಂಚಿನಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಹಣ ಇನ್ನೂ ನನ್ನ ಖಾತೆಯಲ್ಲೇ ಇದೆಯೋ, ಇಲಾಖೆಗೆ ಕಟ್ಟಿಬಿಟ್ಟಿದ್ದೀರೋ? ಕಟ್ಟಿಲ್ಲವಾದರೆ ಯಾವ ದಿನದೊಳಗೆ ಕಟ್ಟಬೇಕು ಎಂದು ನೋಟಿಸಿನಲ್ಲಿದೆ? ನಿಮ್ಮ ಬಳಿ ಇರುವ ಸಮಯ ಅಷ್ಟೇ.

3. ಮೂಲ ಆದೇಶ ಹುಡುಕಿ.

'ನನಗೆ ಯಾವ ಆದೇಶವೂ ಬಂದೇ ಇಲ್ಲ' ಎಂದು ಹೆಚ್ಚಿನವರು ಹೇಳುತ್ತಾರೆ. ಬಂದಿರುತ್ತದೆ, ಪೋರ್ಟಲ್‌ನಲ್ಲಿ ಕೂತಿರುತ್ತದೆ. ನೋಂದಣಿ ಮಾಡಿಸುವಾಗ ಕೊಟ್ಟ ಇಮೇಲ್, ಮೊಬೈಲ್ ಹಳೆಯ ಅಕೌಂಟೆಂಟ್ ಅವರದ್ದಾಗಿದ್ದರೆ ಅಂಗಡಿ ಮಾಲೀಕರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಜಿಎಸ್‌ಟಿ ಪೋರ್ಟಲ್‌ಗೆ ಲಾಗಿನ್ ಆಗಿ ಹೀಗೆ ಹೋಗಿ:

```
Services > User Services > View Additional Notices/Orders
```

ಅಲ್ಲಿ `DRC-01` ಎಂದರೆ ಕಾರಣ ಕೇಳಿ ಕೊಟ್ಟ ನೋಟಿಸ್, `DRC-07` ಎಂದರೆ ಅಂತಿಮ ಬೇಡಿಕೆಯ ಆದೇಶ. `DRC-07` ಡೌನ್‌ಲೋಡ್ ಮಾಡಿ, ಜೊತೆಗಿರುವ ವಿವರವಾದ ಆದೇಶವನ್ನೂ ಇಳಿಸಿಕೊಳ್ಳಿ. ಬೇರೇನೂ ಓದದಿದ್ದರೂ ಪರವಾಗಿಲ್ಲ, ಆದೇಶದ ತಾರೀಖು ಮತ್ತು ಬೇಡಿಕೆಯ ಐಡಿ ಬರೆದುಕೊಳ್ಳಿ.

ನಮ್ಮ ಉದಾಹರಣೆಯಲ್ಲಿ ಆದೇಶ ಫೆಬ್ರವರಿ 20ರಂದು ಬಂದಿದೆ. ಲೆಕ್ಕ ಹೀಗಿದೆ: ತೆರಿಗೆ 2,40,000, ಅದಕ್ಕೆ ಶೇ. 18ರಂತೆ 3 ವರ್ಷದ ಬಡ್ಡಿ 1,29,600, ಶೇ. 10 ದಂಡ 24,000. ಒಟ್ಟು 3,93,600. ಲೀನ್ ಮೊತ್ತಕ್ಕೂ ಇದಕ್ಕೂ ತಾಳೆಯಾಗುತ್ತದೆ. ನಿಮ್ಮದರಲ್ಲಿ ತಾಳೆಯಾಗದಿದ್ದರೆ, ಅಥವಾ ಈಗಾಗಲೇ ಸ್ವಲ್ಪ ಕಟ್ಟಿದ್ದು ಕಳೆದಿಲ್ಲವಾದರೆ, ಆ ಚಲನ್ ಹುಡುಕಿ ಕೈಯಲ್ಲಿಟ್ಟುಕೊಳ್ಳಿ.

4. ತಾರೀಖು ಎಣಿಸಿ.

ನಿಧಾನವಾಗಿ ಮಾಡಿ, ಇಡೀ ವಿಷಯ ನಿಂತಿರುವುದು ಈ ಹಂತದ ಮೇಲೆ. ಆದೇಶ ಮುಟ್ಟಿದ ದಿನದಿಂದ 3 ತಿಂಗಳು ನಿಮಗೆ ಕಟ್ಟಲು ಸಮಯ. ಅದು ಮುಗಿಯುವ ಮೊದಲೇ ವಸೂಲಿಗೆ ಇಳಿಯಬೇಕಾದರೆ ಅಧಿಕಾರಿ ಕಾರಣ ಬರೆದಿಟ್ಟಿರಬೇಕು. 3 ತಿಂಗಳೊಳಗೇ ಲೀನ್ ಬಿದ್ದಿದ್ದರೆ, ಕಾರಣ ಕೇಳಿ ಇವತ್ತೇ ಅವರಿಗೆ ಪತ್ರ ಕೊಡಿ.

ಮೇಲ್ಮನವಿಗೂ 3 ತಿಂಗಳೇ. ತಡವಾದದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ಇನ್ನೂ 1 ತಿಂಗಳವರೆಗೆ ಮನ್ನಿಸಬಹುದು. ಅದರ ಮೇಲೆ ಒಂದು ದಿನವೂ ಮನ್ನಿಸುವ ಅಧಿಕಾರ ಮೇಲ್ಮನವಿ ಅಧಿಕಾರಿಗೆ ಇಲ್ಲ.

ನಮ್ಮ ಅಂಗಡಿಯವರಿಗೆ ಮೇ 20ಕ್ಕೆ 3 ತಿಂಗಳು ಮುಗಿದಿದೆ. ಹಾಗಾಗಿ ಲೀನ್ ಹಾಕಿದ್ದು ತಪ್ಪಲ್ಲ. ಆದರೆ ಜೂನ್ 20ರವರೆಗೆ ಮೇಲ್ಮನವಿಯ ಬಾಗಿಲು ಇನ್ನೂ ತೆರೆದಿದೆ. ಈ 15 ದಿನಗಳನ್ನು ಬ್ಯಾಂಕಿಗೆ ಅಲೆಯುತ್ತಾ ಕಳೆದರೆ ಉಳಿಯುವುದು ಹೈಕೋರ್ಟ್ ಮಾತ್ರ.

5. ಒಂದು ದಾರಿ ಆರಿಸಿಕೊಳ್ಳಿ.

ತೆರಿಗೆ ನಿಜಕ್ಕೂ ಬಾಕಿ ಇದೆ, ಹಣವೂ ಇದೆ ಎಂದಾದರೆ ಕಟ್ಟಿ ಮುಗಿಸಿ. ಪೋರ್ಟಲ್‌ನಲ್ಲಿ `Services > Ledgers > Payment towards Demand` ತೆರೆದು, ಅದೇ ಬೇಡಿಕೆಯ ಐಡಿ ಆರಿಸಿ ಕಟ್ಟಿ. ಎಚ್ಚರ: ಚಲನ್ ಮಾಡಿ ಕ್ಯಾಶ್ ಲೆಡ್ಜರ್‌ಗೆ ಹಣ ಹಾಕಿದ ಮಾತ್ರಕ್ಕೆ ಬಾಕಿ ತೀರುವುದಿಲ್ಲ. ಅಲ್ಲಿಂದ ಬೇಡಿಕೆಗೆ ಹೊಂದಿಸಬೇಕು. ಹೊಸಬರು ಎಡವುವುದು ಇಲ್ಲೇ.

ಬಾಕಿ ನಿಜ, ಆದರೆ ಒಟ್ಟಿಗೆ ಕಟ್ಟಲಾಗದು ಎಂದಾದರೆ ಕಂತು ಕೇಳಿ. `My Applications` ಒಳಗೆ `DRC-20` ಅರ್ಜಿ ಇದೆ. ಗರಿಷ್ಠ 24 ತಿಂಗಳ ಕಂತು ಸಿಗಬಹುದು, ಬಡ್ಡಿ ನಡೆಯುತ್ತಲೇ ಇರುತ್ತದೆ. ಒಂದು ಕಂತು ತಪ್ಪಿದರೂ ಉಳಿದದ್ದೆಲ್ಲ ಒಮ್ಮೆಗೇ ಕಟ್ಟಬೇಕಾಗುತ್ತದೆ. ನೀವೇ ರಿಟರ್ನ್‌ನಲ್ಲಿ ತೋರಿಸಿ ಕಟ್ಟದೆ ಬಿಟ್ಟ ತೆರಿಗೆಗೆ ಮಾತ್ರ ಈ ಸೌಲಭ್ಯ ಇಲ್ಲ.

ಆದೇಶವೇ ತಪ್ಪು ಎಂದಾದರೆ ಮೇಲ್ಮನವಿ ಹಾಕಿ. ನಮ್ಮ ಅಂಗಡಿಯವರದ್ದು ಇದೇ. ಖರೀದಿ ಬಿಲ್ಲುಗಳೆಲ್ಲ ಇವೆ, ನೋಟಿಸ್ ನೋಡದೆ ಇದ್ದುದರಿಂದ ತೋರಿಸಲಾಗಲಿಲ್ಲ. `My Applications` ಒಳಗೆ `Appeal to Appellate Authority` ಆರಿಸಿದರೆ `APL-01` ತೆರೆಯುತ್ತದೆ. ತಕರಾರಿರುವ ತೆರಿಗೆಯ ಶೇ. 10 ಮುಂಗಡ ಕಟ್ಟಬೇಕು. ಲೆಕ್ಕ ಹಾಕುವುದು ತೆರಿಗೆಯ ಮೇಲೆ ಮಾತ್ರ, ಬಡ್ಡಿ ದಂಡದ ಮೇಲಲ್ಲ. ಅಂದರೆ 24,000 ರೂಪಾಯಿ. ಅದು ಅವರಿಗೆ ಬಳಕೆಗೆ ಸಿಗುವ 56,400ರಲ್ಲೇ ಆಗುತ್ತದೆ. ತಡವಾದದ್ದಕ್ಕೆ ಕಾರಣ ಬರೆದು, ಇಮೇಲ್ ಹಳೆಯ ಅಕೌಂಟೆಂಟ್ ಅವರದ್ದೆಂಬುದಕ್ಕೆ ದಾಖಲೆ ಲಗತ್ತಿಸಬೇಕು.

ಈ 24,000 ಕಟ್ಟಿ ಮೇಲ್ಮನವಿ ಹಾಕಿದರೆ ಉಳಿದ ಮೊತ್ತದ ವಸೂಲಿಗೆ ತಡೆ ಬಿದ್ದಂತೆ ಎಂದು ಜಿಎಸ್‌ಟಿ ಕಾಯ್ದೆಯ 107ನೇ ಸೆಕ್ಷನ್ನಿನ 7ನೇ ಉಪಸೆಕ್ಷನ್ ಹೇಳುತ್ತದೆ. ಅದಕ್ಕೆ ಬೇರೆ ತಡೆಯಾಜ್ಞೆ ತರಬೇಕಿಲ್ಲ.

6. ನೋಟಿಸ್ ಕೊಟ್ಟ ಅಧಿಕಾರಿಯನ್ನು ಕಾಣಿ.

ತಡೆ ಬಿದ್ದರೂ ಲೀನ್ ತಾನಾಗಿ ಅಳಿಸಿಹೋಗುವುದಿಲ್ಲ. ಬ್ಯಾಂಕಿಗೆ ನಿಮ್ಮ ಮೇಲ್ಮನವಿಯ ಸುದ್ದಿ ಗೊತ್ತೇ ಇರುವುದಿಲ್ಲ. `DRC-13`ರ ಕೆಳಗೆ ಸಹಿ ಮಾಡಿದ ಅಧಿಕಾರಿಯ ಕಚೇರಿಗೆ ಹೋಗಿ, ಮೇಲ್ಮನವಿಯ ಸ್ವೀಕೃತಿ ಮತ್ತು ಮುಂಗಡ ಕಟ್ಟಿದ ದಾಖಲೆ ಲಗತ್ತಿಸಿ ಪತ್ರ ಕೊಡಿ. ಪತ್ರ ಇಷ್ಟು ಸಾಕು: 'ಮೇಲ್ಮನವಿ ಹಾಕಿ ಶೇ. 10 ಮುಂಗಡ ಕಟ್ಟಿದ್ದೇನೆ. ಉಳಿದ ವಸೂಲಿಗೆ ಕಾನೂನಿನಂತೆ ತಡೆ ಇದೆ. ಇಂತಹ ಬ್ಯಾಂಕಿಗೆ ಇಂತಹ ದಿನಾಂಕದಂದು ಕೊಟ್ಟ `DRC-13` ನೋಟಿಸನ್ನು ಹಿಂಪಡೆಯಬೇಕೆಂದು ಕೋರುತ್ತೇನೆ.' ನೋಟಿಸನ್ನು ಯಾವಾಗ ಬೇಕಾದರೂ ಬದಲಿಸುವ, ಹಿಂಪಡೆಯುವ ಅಧಿಕಾರ 79ನೇ ಸೆಕ್ಷನ್ನಿನಲ್ಲೇ ಅವರಿಗಿದೆ. ಪತ್ರ ಕೊಟ್ಟಾಗ ಸ್ವೀಕೃತಿಯ ಸೀಲು ಬಿಡಬೇಡಿ. ಕಂತಿನ ದಾರಿ ಹಿಡಿದವರು `DRC-21` ಆದೇಶವನ್ನೂ, ಪೂರ್ತಿ ಕಟ್ಟಿದವರು ಪಾವತಿಯ ದಾಖಲೆಯನ್ನೂ ಲಗತ್ತಿಸಿ.

ಮೇಲ್ಮನವಿ ಹಾಕಲು ಇನ್ನೂ ಎರಡು ಮೂರು ದಿನ ಬೇಕು, ಅಷ್ಟರಲ್ಲಿ ಬ್ಯಾಂಕ್ ಕಟ್ಟಿಬಿಡಬಹುದು ಎಂಬ ಆತಂಕವಿದ್ದರೆ ಮೊದಲೇ ಹೋಗಿ. ಬ್ಯಾಂಕ್ ಹಣ ಕಟ್ಟುವ ಗಡುವನ್ನು ಮುಂದೂಡಲೂ ಆ ಅಧಿಕಾರಿಗೆ ಸಾಧ್ಯ. ಎಲ್ಲ ದಾಖಲೆ ಕೊಟ್ಟರೂ ಹಿಂಪಡೆಯದಿದ್ದರೆ ವಕೀಲರ ಮೂಲಕ ಹೈಕೋರ್ಟಿಗೆ ರಿಟ್ ಹಾಕಬಹುದು. ಹುಬ್ಬಳ್ಳಿಯವರಿಗೆ ಧಾರವಾಡ ಪೀಠವೇ ಹತ್ತಿರ.

7. ಹಿಂಪಡೆದ ಪತ್ರ ಬ್ಯಾಂಕಿಗೆ ಮುಟ್ಟಿಸಿ, ಲೀನ್ ತೆಗೆಸಿ.

ಇಲಾಖೆ ಕಳಿಸುತ್ತದೆ ಎಂದು ಕಾಯಬೇಡಿ, ಒಂದು ಪ್ರತಿ ನೀವೇ ತೆಗೆದುಕೊಂಡು ಹೋಗಿ. ಬ್ರಾಂಚಿನವರು ಇಲಾಖೆಯ ಇಮೇಲ್‌ನಿಂದ ಖಚಿತಪಡಿಸಿಕೊಂಡು ಲೀನ್ ತೆಗೆಯುತ್ತಾರೆ. ಬ್ಯಾಂಕ್ ಸುಮ್ಮನೆ ಎಳೆದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ `cms.rbi.org.in`ನಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು.

ಕೊನೆಗೆ ಆ್ಯಪ್‌ನಲ್ಲಿ `Available Balance` ಮತ್ತೆ ನೋಡಿ, ಅದು ಒಟ್ಟು ಬ್ಯಾಲೆನ್ಸಿಗೆ ಸಮವಾಗಿದೆಯೇ ಎಂದು. ನಿಮ್ಮ ಬೇರೆ ಬ್ಯಾಂಕಿನ ಖಾತೆಗಳನ್ನೂ ತೆರೆದು ನೋಡಿ. ಒಂದೇ ಬಾಕಿಗೆ ಎರಡು ಮೂರು ಬ್ಯಾಂಕಿಗೆ ನೋಟಿಸ್ ಹೋಗಿರುವುದುಂಟು. ಹಾಗಿದ್ದರೆ ಪ್ರತಿ ಬ್ಯಾಂಕಿನ ಹೆಸರಿಗೂ ಹಿಂಪಡೆದ ಪತ್ರ ಬೇಕು. ಆಮೇಲೆ ಪೋರ್ಟಲ್‌ಗೆ ಹೋಗಿ ನೋಂದಣಿಯಲ್ಲಿರುವ ಇಮೇಲ್, ಮೊಬೈಲ್ ನಂಬರನ್ನು ನಿಮ್ಮದಕ್ಕೆ ಬದಲಿಸಿ. ಮೇಲ್ಮನವಿಯ ವಿಚಾರಣೆಯ ದಿನ ತಿಳಿಸುವ ನೋಟಿಸ್ ಬರುವುದೂ ಅಲ್ಲಿಗೇ.